ಅಡಿಗೆ 90 ರೂಪಾಯಿ ಅಂದವರು ಕೊಟ್ಟ ಬೋರ್‌ವೆಲ್ ಬಿಲ್: ಕೊರೆಸುವವರು ದಯವಿಟ್ಟು ಓದಿ

ಶಿರಾ, ಮಧುಗಿರಿ ಕಡೆ ಈ ಬೇಸಿಗೆಯಲ್ಲಿ ಬೋರ್ ಕೊರೆಸೋಕೆ ಓಡಾಡ್ತಿರೋರು ಗಾಡಿ ಜಮೀನಿಗೆ ಬರೋ ಮುಂಚೆ ಇದನ್ನ ಪೂರ್ತಿ ಓದಿ. ಏಜೆಂಟ್ ಫೋನಲ್ಲಿ "ಅಡಿಗೆ 90 ರೂಪಾಯಿ ಅಣ್ಣ, ಎಲ್ಲರಿಗೂ ಅದೇ ರೇಟು" ಅಂತಾನೆ. ಆ 90 ಮೊದಲ 300 ಅಡಿಗೆ ಮಾತ್ರ. ನಮ್ಮ ಕಡೆ 300 ಅಡಿಗೆ ನೀರು ಸಿಗೋ ಕಾಲ ಯಾವತ್ತೋ ಹೋಯ್ತು, ಅದು ಅವನಿಗೂ ಗೊತ್ತು. ಗೊತ್ತಿದ್ದೇ 90 ಅಂತಾನೆ.

ಆಳಕ್ಕೆ ಹೋದಷ್ಟೂ ರೇಟು ಏರೋದರ ಬಗ್ಗೆ ನನ್ನ ತಕರಾರಿಲ್ಲ. 600 ಅಡಿ ಕೆಳಗಿನ ಪುಡಿಯನ್ನೂ ನೀರನ್ನೂ ಗಾಳಿಯಿಂದ ಮೇಲೆ ತಳ್ಳಬೇಕಾದರೆ ಕಂಪ್ರೆಸರ್ ಜಾಸ್ತಿ ದುಡಿಯಬೇಕು, ಡೀಸೆಲ್ ಜಾಸ್ತಿ ಕುಡಿಯುತ್ತೆ, ಬಿಟ್ ಸವೆಯುತ್ತೆ, ಕೊನೆಗೆ ಅಷ್ಟೂ ರಾಡ್ ಒಂದೊಂದಾಗಿ ಬಿಚ್ಚಿ ಎತ್ತಬೇಕು. ಅದಕ್ಕೇ ಹಂತ ಹಂತದ ರೇಟು. ನಮಗೆ ಹೇಳಿದ್ದು ಹೀಗೆ: 300 ಅಡಿವರೆಗೆ 90, ಅಲ್ಲಿಂದ 400ರವರೆಗೆ 100, 500ರವರೆಗೆ 110, 600ರವರೆಗೆ 130, 700ರವರೆಗೆ 150, "700 ದಾಟಿದ್ರೆ 180". ಬಾಯಲ್ಲಿ ಹೇಳಿದ್ದು, ಗಾಡಿ ನಿಂತ ಮೇಲೆ ಹೇಳಿದ್ದು. ಆ ಕೊನೆಯ ಮಾತನ್ನ ನೆನಪಿಟ್ಟುಕೊಳ್ಳಿ, ಮೋಸ ಇರೋದು ಅದರೊಳಗೇ.

760 ಅಡಿಗೆ ಕೊರೆಯೋದು ನಿಂತಿತು. ಒಂದೂವರೆ ಇಂಚು ನೀರು. ರಾತ್ರಿ ಹೊತ್ತು, ಅಕ್ಕಪಕ್ಕದ ಜಮೀನಿನವರೆಲ್ಲ ನೀರು ನೋಡೋಕೆ ಬಂದು ನಿಂತಿದ್ದಾರೆ, ಎಲ್ಲರ ಮುಂದೆ ಬಿಳಿ ಚೀಟಿ ಕೊಟ್ಟರು. ಕೊರೆದದ್ದು 780 ಅಡಿ, ಅಡಿಗೆ 180ರಂತೆ 1,40,400. ಕೇಸಿಂಗ್ 120 ಅಡಿ, ಅಡಿಗೆ 380ರಂತೆ 45,600. ಗಾಡಿ ಬಾಡಿಗೆ 9,000. ಹುಡುಗರ ಬಾಟಾ 3,000. ಒಟ್ಟು 1,98,000.

ಚೀಟಿ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ. ಪೂರ್ತಿ ಆಳಕ್ಕೆ 180! ಮೊದಲ ಅಡಿಯಿಂದಲೇ 180! ಕೇಳಿದರೆ ಏಜೆಂಟ್ ಉತ್ತರ: "700 ದಾಟಿದ್ರೆ 180 ಅಂತ ಹೇಳಿದ್ನಲ್ಲಣ್ಣ, ದಾಟಿದೆಯಲ್ಲ." ಹಂತದ ರೇಟು ಅಂದರೆ ಆಯಾ ನೂರು ಅಡಿಗೆ ಆಯಾ ರೇಟು. ಬೋರ್ ಕೊರೆಸಿದ ಯಾರನ್ನ ಬೇಕಾದರೂ ಕೇಳಿ. ಇಲ್ಲದಿದ್ದರೆ 700 ಅಡಿಗೆ ನಿಂತವನಿಗೆ 150ರ ಲೆಕ್ಕದಲ್ಲಿ 1,05,000, 701ನೇ ಅಡಿ ಮುಟ್ಟಿದವನಿಗೆ 1,26,180. ಒಂದೇ ಒಂದು ಅಡಿಗೆ 21,180 ರೂಪಾಯಿ ಹೆಚ್ಚು. ಇದನ್ನ ಯಾವ ರೈತ ಒಪ್ಪುತ್ತಾನೆ? ಇದನ್ನೇ ಹೇಳಿದೆ. "ನಿಮ್ಮ ಲೆಕ್ಕ ನಿಮಗೆ, ನಮ್ಮ ಓನರ್ ಲೆಕ್ಕ ಹಿಂಗೇ" ಅಂದ.

ಸರಿಯಾದ ಲೆಕ್ಕ ಇಲ್ಲಿದೆ, ನಿಮ್ಮ ಚೀಟಿ ಪಕ್ಕದಲ್ಲಿಟ್ಟು ನೋಡಿಕೊಳ್ಳಿ. ಮೊದಲ 300 ಅಡಿಗೆ 27,000. ಮುಂದಿನ ನಾಲ್ಕು ನೂರುಗಳಿಗೆ 10,000, 11,000, 13,000, 15,000. ಕೊನೆಯ 60 ಅಡಿಗೆ 180ರಂತೆ 10,800. ಒಟ್ಟು 86,800. ಎಲ್ಲಾ ಹಂತ ಸೇರಿಸಿದರೂ ಸರಾಸರಿ ಅಡಿಗೆ 114 ಚಿಲ್ಲರೆ ಬೀಳುತ್ತೆ. ಅವರು ಕೇಳಿದ್ದು 1,40,400.

ಈಗ ಆ 780 ಎಲ್ಲಿಂದ ಬಂತು ಅನ್ನೋದು. ನಮ್ಮ ಗಾಡಿಯ ರಾಡ್ ಒಂದೊಂದು 20 ಅಡಿ. ಒಳಗೆ ಹೋದದ್ದು 38 ರಾಡ್. ರಾಡ್ ಇಳಿದಾಗಲೆಲ್ಲ ಒಂದೊಂದು ಕಲ್ಲು ಇಡ್ತಾ ಬಂದಿದ್ದೆವು, ಎತ್ತುವಾಗ ಮತ್ತೆ ಎಣಿಸಿದೆವು, ಎರಡೂ ಸಲ 38. ಅಂದರೆ 760. ಕೇಳಿದರೆ "ಹ್ಯಾಮರ್, ಬಿಟ್ ಉದ್ದ ಸೇರಬೇಕಲ್ಲಣ್ಣ" ಅಂದರು. ಹ್ಯಾಮರ್ ಮತ್ತು ಬಿಟ್ ಸೇರಿ ಸುಮಾರು ಐದು ಅಡಿ ಇರುತ್ತೆ. ಆದರೆ ಕೊನೆಯ ರಾಡಿನ ತಲೆ ನೆಲದಿಂದ ಮೇಲೆ ಗಾಡಿಯಲ್ಲೇ ಉಳಿದಿರುತ್ತಲ್ಲ, ಅದು ಇದಕ್ಕೆ ವಜಾ ಆಗುತ್ತೆ. 20 ಅಡಿ ಹೇಗೆ ಸೇರುತ್ತೆ? ಇನ್ನೊಂದು ವಿಷಯ ಗಮನಿಸಿ: ಆಳದಲ್ಲಿ ಸುಳ್ಳು ಸೇರಿಸಿದರೆ ಅದು ಯಾವಾಗಲೂ ಕೊನೆಯ ಹಂತಕ್ಕೆ, ಅಂದರೆ ಅತಿ ಹೆಚ್ಚಿನ ರೇಟಿಗೆ ಸೇರುತ್ತೆ. ಒಂದು ರಾಡ್ ಸುಳ್ಳಿಗೆ 3,600 ರೂಪಾಯಿ. ಕೆಲವು ಗಾಡಿಯ ರಾಡ್ 20 ಅಡಿಗಿಂತ ಗಿಡ್ಡ ಇರುತ್ತೆ, ಆದ್ದರಿಂದ ಕೊರೆಯೋಕೆ ಶುರು ಮಾಡೋ ಮುಂಚೆ ಟೇಪ್ ಹಿಡಿದು ಒಂದು ರಾಡ್ ಅಳೆಯಿರಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಕೇಸಿಂಗ್ ವಿಷಯಕ್ಕೆ ಬರ್ತೀನಿ, ಇನ್ನೂ ಹೊಟ್ಟೆ ಉರಿಯೋದು ಇದಕ್ಕೇ. ಮೇಲಿನ ಮಣ್ಣು, ಸುದ್ದೆ, ಪುಡಿಗಲ್ಲು ಕುಸಿದು ಬೋರ್ ಒಳಗೆ ಬೀಳಬಾರದು ಅಂತ ಕೇಸಿಂಗ್ ಇಳಿಸೋದು. ಗಟ್ಟಿ ಬಂಡೆ ಸಿಕ್ಕ ಮೇಲೆ ಅದರೊಳಗೆ ಸ್ವಲ್ಪ ಕೊರೆದು, ಪೈಪಿನ ಬುಡ ಬಂಡೆ ಮೇಲೆ ಭದ್ರವಾಗಿ ಕೂರಬೇಕು. ಅಲ್ಲಿಂದ ಕೆಳಕ್ಕೆ ಕೇಸಿಂಗ್ ಬೇಕಿಲ್ಲ. ಬಂಡೆ ಸಿಕ್ಕಿದ್ದು ನಿಂತು ನೋಡೋರಿಗೂ ಗೊತ್ತಾಗುತ್ತೆ. ಹೊರಗೆ ಬರೋ ಮಣ್ಣು ಕೆಂಪಿನಿಂದ ಹಳದಿಗೆ, ಬಿಳಿ ಸುದ್ದೆಗೆ ತಿರುಗಿ, ಆಮೇಲೆ ಒಣ ಬೂದಿ ಬಣ್ಣದ ಕಲ್ಲುಪುಡಿ ಹಾರೋಕೆ ಶುರುವಾಗುತ್ತೆ. ಹ್ಯಾಮರ್ ಸದ್ದು ಗಡುಸಾಗುತ್ತೆ, ರಾಡ್ ಇಳಿಯೋದು ನಿಧಾನ ಆಗುತ್ತೆ. ನಮ್ಮಲ್ಲಿ 70 ಅಡಿ ದಾಟಿದ ಮೇಲೆ ಹಾಗೆ ಆಯಿತು. ಪ್ರತಿ ರಾಡಿಗೂ ಒಂದು ಹಿಡಿ ಪುಡಿ ತೆಗೆದು ಸಾಲಾಗಿ ಗುಡ್ಡೆ ಹಾಕಿಸಿ. ಆಮೇಲೆ "ಒಳಗೆಲ್ಲ ಲೂಸು, ಜಾಸ್ತಿ ಪೈಪ್ ಬೇಕಾಯ್ತು" ಅನ್ನೋ ಮಾತಿಗೆ ಆ ಗುಡ್ಡೆಗಳೇ ಉತ್ತರ.

ಏಳು ಇಂಚಿನ ಪಿವಿಸಿ ಪೈಪ್, ಒಂದೊಂದು 20 ಅಡಿ. ಗಾಡಿಯಲ್ಲಿ ಬಂದದ್ದು ಆರು, ಇಳಿದದ್ದು ನಾಲ್ಕು. 80 ಅಡಿಗೆ 30,400 ಆಗಬೇಕು. ಆರಕ್ಕೂ ಬಿಲ್ ಹಾಕಿದರು. ಉಳಿದ ಎರಡು ಪೈಪ್ ಗಾಡಿ ಮೇಲೆ ಕಾಣ್ತಾ ಇತ್ತು, ಬೆರಳು ಮಾಡಿ ತೋರಿಸಿದೆ. "ಅದು ಬೇರೆ ಪಾಯಿಂಟ್‌ದು ಅಣ್ಣ, ನಿಮ್ಮದೆಲ್ಲ ಒಳಗೆ ಹೋಗಿದೆ." ಕಣ್ಣೆದುರು ಇರೋ ಪೈಪಿಗೆ ಈ ಮಾತು! ಗಾಡಿ ಬಂದ ತಕ್ಷಣ ಪೈಪ್ ಎಷ್ಟಿದೆ ಅಂತ ಎಣಿಸಿ ಫೋಟೋ ತೆಗೆಯಿರಿ, ಕೇಸಿಂಗ್ ಇಳಿಸಿದ ಮೇಲೆ ಉಳಿದದ್ದರ ಫೋಟೋ ತೆಗೆಯಿರಿ. ಪೈಪ್ ಮೇಲಿನ ಅಚ್ಚನ್ನೂ ಫೋಟೋ ತೆಗೆಯಿರಿ. ಬೋರ್‌ವೆಲ್ ಕೇಸಿಂಗ್‌ಗೆಂದೇ ಇರೋ ಪಿವಿಸಿ ಪೈಪಿನ ಮೇಲೆ ಐಎಸ್ 12818 ಅಂತ ಇರುತ್ತೆ. ತೆಳ್ಳನೆ ಪೈಪ್ ಇಳಿಸಿ ದಪ್ಪ ಪೈಪಿನ ರೇಟು ಹಾಕೋರೂ ಇದ್ದಾರೆ. ಮಣ್ಣಿನ ಒತ್ತಡಕ್ಕೆ ಅಂಥ ಪೈಪ್ ಅಮುಕಿಕೊಂಡರೆ ಮೋಟರ್ ಇಳಿಯಲ್ಲ, ಇಳಿದದ್ದು ಮೇಲೆ ಬರಲ್ಲ.

ಜಗಳ ಜೋರಾದಾಗ ಏಜೆಂಟ್ ಆ ಕಡೆ ಹೋಗಿ ಓನರ್‌ಗೆ ಫೋನ್ ಮಾಡಿ ಬಂದು, ದೊಡ್ಡ ಉಪಕಾರ ಮಾಡೋನ ಹಾಗೆ "ಆಯ್ತಣ್ಣ, ನೀವು ನಮ್ಮೋರು, ಹಂತದ ಲೆಕ್ಕಕ್ಕೇ ಹಾಕ್ತೀವಿ, 50 ಸಾವಿರ ಬಿಟ್ಟಿದೀವಿ" ಅಂದ. ಸುತ್ತ ನಿಂತವರೂ "50 ಸಾವಿರ ಬಿಟ್ರಲ್ಲ, ಕೊಟ್ಟು ಕಳಿಸಪ್ಪ" ಅಂತ ಶುರು ಮಾಡಿದರು. ಅವರು ಬಿಟ್ಟದ್ದು ಏನನ್ನ? ಸುಳ್ಳಾಗಿ ಏರಿಸಿದ್ದನ್ನ ಇಳಿಸಿದರು, ಅಷ್ಟೇ. 780 ಅಡಿ ಹಾಗೇ ಇತ್ತು, ಆರು ಪೈಪ್ ಹಾಗೇ ಇತ್ತು, ಗಾಡಿ ಬಾಡಿಗೆ, ಬಾಟಾ ಎಲ್ಲಾ ಹಾಗೇ ಇತ್ತು. ಇನ್ನೊಂದು ಮಾತು ಆಡಿದರೆ ನಾವೇ ಜುಗ್ಗರು ಅನ್ನೋ ಹಾಗೆ ಮಾಡಿಬಿಟ್ಟರು. ಊರವರ ಎದುರು ಆದ ಆ ಅವಮಾನ ದುಡ್ಡಿಗಿಂತ ಹೆಚ್ಚು ಉರಿಯುತ್ತೆ. ಮೊದಲು ಒಂದು ಸಾಲನ್ನ ಬೇಕಂತಲೇ ಸಿಕ್ಕಾಪಟ್ಟೆ ಏರಿಸೋದು, ಜಗಳವೆಲ್ಲ ಅದರ ಮೇಲೇ ನಡೆಯೋ ಹಾಗೆ ನೋಡಿಕೊಳ್ಳೋದು, ಅದನ್ನ ಇಳಿಸಿ ಉಳಿದ ಸಾಲುಗಳನ್ನ ದಾಟಿಸಿಬಿಡೋದು. ನಿಮ್ಮ ಬಿಲ್‌ನಲ್ಲೂ ಒಂದು ಸಾಲು ಹೀಗೆ ಎದ್ದು ಕಂಡರೆ ಅದನ್ನ ಕೊನೆಗೆ ಇಟ್ಟುಕೊಳ್ಳಿ. ಮೊದಲು ರಾಡ್, ಪೈಪ್, ಗಾಡಿ ಬಾಡಿಗೆ ತೀರ್ಮಾನ ಮಾಡಿ.

ಗಾಡಿ ಬಾಡಿಗೆ 4,000 ಅಂತ ಮಾತಾಗಿತ್ತು. 9,000 ಯಾಕೆ ಅಂದರೆ "ಎರಡು ಲಾರಿ ಅಣ್ಣ, ಹಾರಿ ಬಂತಾ?" ಅಂದರು. ಕೊರೆಯೋ ಲಾರಿ ಹಿಂದೆ ರಾಡ್ ಲಾರಿ ಬರೋದು ಎಲ್ಲಾ ಕಡೆ ಇದ್ದದ್ದೇ, 4,000 ಅಂದಾಗ ಒಂದೇ ಲಾರಿ ಅಂತ ಯಾರೂ ಹೇಳಲಿಲ್ಲ. ಅದೂ ಆ ಗಾಡಿ ಹಿಂದಿನ ದಿನ ಪಕ್ಕದ ಊರಿನಲ್ಲೇ ಕೊರೀತಾ ಇತ್ತು. ಅಲ್ಲಿನವರೂ ಪೂರ್ತಿ ಬಾಡಿಗೆ ಕೊಟ್ಟಿದ್ದಾರೆ, ನಾವೂ ಕೊಟ್ಟಿದ್ದೇವೆ. ಬಾಟಾ ಅಂತೂ ಮಾತಲ್ಲೇ ಇರಲಿಲ್ಲ. ಹುಡುಗರಿಗೆ ಎರಡು ಹೊತ್ತು ಊಟ ನಮ್ಮ ಮನೆಯಿಂದಲೇ ಹೋಗಿತ್ತು.

ಕೊಡಲ್ಲ ಅಂದಿದ್ದಕ್ಕೆ "ಹಂಗಾದ್ರೆ ಕೇಸಿಂಗ್ ಕಿತ್ಕೊಂಡು ಹೋಗ್ತೀವಿ" ಅಂದರು. ಕೇಸಿಂಗ್ ಕಿತ್ತರೆ ಮೇಲಿನ ಮಣ್ಣೆಲ್ಲ ಕುಸಿದು ಅಷ್ಟು ಆಳದ ಬೋರ್ ಮುಚ್ಚಿ ಹೋಗುತ್ತೆ. ಅದು ಗೊತ್ತಿದ್ದೇ ಹೆದರಿಸೋದು. ಕೊನೆಗೆ 1,48,000 ಕೊಟ್ಟು ಕಳಿಸಿದೆವು. ನ್ಯಾಯವಾಗಿ ಆಗಬೇಕಿದ್ದದ್ದು 1,21,200. ಮಿಕ್ಕ 26,800 ಸುಲಿಗೆ, ಬೇರೆ ಹೆಸರಿಲ್ಲ ಅದಕ್ಕೆ.

ನೀವು ಮಾಡಬೇಕಾದ್ದು ಇಷ್ಟು. ಗಾಡಿ ಹೊಲಕ್ಕೆ ಇಳಿಯೋ ಮುಂಚೆ ಒಂದು ಹಾಳೆಯಲ್ಲಿ ಹಂತದ ರೇಟು ಬರೆಸಿ, ಕೆಳಗೆ "ಆಯಾ ಹಂತದ ಅಡಿಗಳಿಗೆ ಮಾತ್ರ ಆಯಾ ರೇಟು" ಅಂತ ಒಂದು ಸಾಲು ಬರೆಸಿ. ಕೇಸಿಂಗ್ "ಒಳಗೆ ಇಳಿದ ಪೈಪಿಗೆ ಮಾತ್ರ" ಅಂತ ಬರೆಸಿ. ಗಾಡಿ ಬಾಡಿಗೆ ಎರಡೂ ಲಾರಿ, ಬಾಟಾ, ಊಟ ಎಲ್ಲಾ ಸೇರಿ ಇಷ್ಟು ಅಂತ ಒಂದೇ ಮೊತ್ತ ಬರೆಸಿ. ನಮ್ಮನ್ನ ಕೇಳದೆ ಮುಂದಿನ ನೂರಕ್ಕೆ ಹೋಗಬಾರದು ಅಂತಲೂ ಬರೆಸಿ. "ಇನ್ನೊಂದೆರಡು ರಾಡ್ ಬಿಡೋಣ, ಗ್ಯಾಪ್ ಸಿಗುತ್ತೆ" ಅಂತ ಡ್ರಿಲ್ಲರ್ ಅನ್ನೋದು ಹೆಚ್ಚಾಗಿ ರೇಟು ಏರೋ ಗಡಿಯಲ್ಲೇ. ಸಹಿ ಹಾಕಲ್ಲ ಅಂದವನ ಗಾಡಿಯನ್ನ ಅಲ್ಲಿಂದಲೇ ವಾಪಸ್ ಕಳಿಸಿ, ಗಾಡಿಗಳಿಗೇನೂ ಬರ ಇಲ್ಲ.

ಆಮೇಲೆ ಬೋರ್‌ಗೆ ಕ್ಯಾಮೆರಾ ಬಿಡಿಸಿದೆವು. ಕೇಸಿಂಗ್ ಮುಗಿಯೋದು 78 ಅಡಿಗೆ, ಮೇಲೆ ಎರಡು ಅಡಿ ಹೊರಗಿದೆ. ಪೈಪಿನ ಜಾಯಿಂಟ್ ಮೂರೇ ಕಾಣುತ್ತೆ. ಆರು ಪೈಪ್ ಇದ್ದರೆ ಐದು ಜಾಯಿಂಟ್ ಕಾಣಬೇಕಿತ್ತು. ವಿಡಿಯೋ ಕಳಿಸಿ, ಆ ಎರಡು ಪೈಪಿನ 15,200 ವಾಪಸ್ ಕೊಡಿ ಅಂದೆ. "ಕ್ಯಾಮೆರಾ ಕೇಬಲ್ ಅಳತೆ ಸರಿ ಇರಲ್ಲಣ್ಣ" ಅಂದ. ಜಾಯಿಂಟ್ ಎಣಿಸೋಕೆ ಯಾವ ಅಳತೆ ಬೇಕು ಅಂತ ಕೇಳಿದೆ, ಫೋನ್ ಇಟ್ಟ. ಆಮೇಲೆ ಎತ್ತೇ ಇಲ್ಲ.