ಗಲ್ಲಾ ಮೇಲಿನ ಟ್ಯಾಪ್ ಸ್ಟಿಕ್ಕರ್: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಕ್ಯಾತ್ಸಂದ್ರದಲ್ಲಿ ನಮ್ಮದು ಸಣ್ಣ ತಟ್ಟೆ ಇಡ್ಲಿ ಹೋಟೆಲ್. ಗಲ್ಲಾ ಪೂರ್ವಕ್ಕೆ ಮುಖ ಮಾಡಿದೆ. ಬೆಳಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಬಿಸಿಲು ನೇರ ಸ್ಕ್ಯಾನರ್ ಹಲಗೆಗೇ ಬೀಳುತ್ತೆ, ನಮಗೆ ರಶ್ ಇರೋದೂ ಅದೇ ಹೊತ್ತಿಗೆ. ಗಿರಾಕಿಗಳು ಫೋನ್ ಹಿಡಿದು ಆ ಕಡೆ ಈ ಕಡೆ ಬಾಗಿಸಿದರೂ ಕ್ಯಾಮೆರಾಗೆ ಕೋಡ್ ಸಿಗಲ್ಲ, ಹಿಂದಿನವರು ಗೊಣಗುತ್ತಾರೆ. ಈ ತೊಂದರೆ ತಪ್ಪಲಿ ಅಂತ ಎನ್‌ಎಫ್‌ಸಿ ಸ್ಟಿಕ್ಕರ್ ತರಿಸಿದೆ. ಫೋನಿನ ಬೆನ್ನು ಸ್ಟಿಕ್ಕರ್‌ಗೆ ತಾಗಿಸಿದರೆ ಹಣ ಕಳಿಸುವ ಪುಟ ತಾನಾಗಿ ತೆರೆಯಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ಮೊದಲ ದಿನ ಒಂದು ಫೋನೂ ಓದಲಿಲ್ಲ. ನಮ್ಮ ಕೌಂಟರ್ ಸ್ಟೀಲಿನದು. ಸ್ಟಿಕ್ಕರ್ ಒಳಗೆ ಬ್ಯಾಟರಿ ಇರಲ್ಲ, ಫೋನ್ ಹೊರಡಿಸುವ ಅಲೆಯಿಂದಲೇ ಅದಕ್ಕೆ ಜೀವ. ಅಡಿಯಲ್ಲಿ ಲೋಹ ಇದ್ದರೆ ಆ ಅಲೆಯನ್ನು ಲೋಹವೇ ಕೆಡಿಸಿಬಿಡುತ್ತೆ. ಹಿಂಬದಿಗೆ ಫೆರೈಟ್‌ನ ಕಪ್ಪು ಪದರ ಇರುವ, ಲೋಹದ ಮೇಲೆ ಅಂಟಿಸುವ ಸ್ಟಿಕ್ಕರ್ ಬೇರೆಯೇ ಬರುತ್ತೆ. ಮೂವತ್ತೈದು ರೂಪಾಯಿಯದು ಬಿಸಾಕಿ ತೊಂಬತ್ತು ರೂಪಾಯಿಯದು ತಂದೆ, ಇವತ್ತಿಗೂ ಆ ಬಗೆಯದನ್ನೇ ಬಳಸುತ್ತಿದ್ದೇನೆ.

ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು ಸ್ಟಿಕ್ಕರ್ ಅಲ್ಲ, ಅದರೊಳಗೆ ಬರೆದ ವಿಳಾಸ. ಮಾರಿದವರು ಬರೆದುಕೊಟ್ಟಿದ್ದು ಹೀಗಿತ್ತು (ಐಡಿ ಮಾತ್ರ ಬದಲಿಸಿದ್ದೇನೆ):

```
upi://pay?pa=hotel@bank&pn=Hotel&cu=INR
```

ಸ್ಕ್ಯಾನರ್ ಹಲಗೆಯ ಕೋಡ್‌ನಲ್ಲಿರುವುದೂ ಇಂಥದ್ದೇ ಸಾಲು. `pa` ಅಂದರೆ ಹಣ ಯಾರಿಗೆ, `pn` ಅಂದರೆ ಅವರ ಹೆಸರು. ಆಂಡ್ರಾಯ್ಡ್ ಫೋನ್ ತಾಗಿಸಿದರೆ ಟಿಣ್ ಅನ್ನುತ್ತೆ, ಫೋನಿನಲ್ಲಿರುವ ಯುಪಿಐ ಆ್ಯಪ್‌ಗಳ ಪಟ್ಟಿ ಬರುತ್ತೆ, ಒಂದನ್ನು ಒತ್ತಿದರೆ ನಮ್ಮ ಹೋಟೆಲ್ ಹೆಸರು ಕಾಣುತ್ತೆ. ಖುಷಿಯಾಗಿ ನಾಲ್ಕು ಜನ ಅಂಗಡಿಯವರನ್ನು ಕರೆದು ತೋರಿಸಿದ್ದೆ.

ಆಮೇಲೆ ಒಂದು ಭಾನುವಾರ ಮಠಕ್ಕೆ ಹೋಗಿ ಬಂದ ಬೆಂಗಳೂರಿನ ಕುಟುಂಬವೊಂದು ತಿಂಡಿಗೆ ಬಂತು. ಹುಡುಗ ಐಫೋನ್ ತಾಗಿಸಿದ, ಏನೂ ಆಗಲಿಲ್ಲ. ಕವರ್ ತೆಗೆದು ತಾಗಿಸಿದ, ಫೋನಿನ ನೆತ್ತಿಯ ಭಾಗ ತಾಗಿಸಿದ. "ಅಕ್ಕ, ನಿಮ್ಮ ಸ್ಟಿಕ್ಕರ್ ಕೆಟ್ಟೋಗಿದೆ" ಅಂದ. ಅವನ ಹಿಂದೆ ನಿಂತಿದ್ದವರ ಆಂಡ್ರಾಯ್ಡ್ ಫೋನಿಗೆ ಅದೇ ಕ್ಷಣ ಟಿಣ್ ಅಂತ ತೆರೆಯಿತು. ಅವತ್ತಿಂದ ಯಾರು ಐಫೋನ್ ತಂದರೂ ಗಮನಿಸಿದೆ. ಎಲ್ಲರಿಗೂ ಅದೇ ಕಥೆ.

ಕಾರಣ ತಿಳಿಯಲು ಎರಡು ವಾರ ಬೇಕಾಯಿತು. 2018ರಲ್ಲಿ ಬಂದ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದೀಚೆಗಿನ ಐಫೋನ್‌ಗಳು ಯಾವ ಆ್ಯಪನ್ನೂ ತೆರೆಯದೆ ಸ್ಟಿಕ್ಕರ್ ಓದುತ್ತವೆ. ಆದರೆ ಹಾಗೆ ಓದುವಾಗ ಕೆಲವೇ ಬಗೆಯ ವಿಳಾಸಗಳಿಗೆ ಸ್ಪಂದಿಸುತ್ತವೆ: ವೆಬ್‌ಸೈಟ್, ಫೋನ್ ನಂಬರ್, ಮೆಸೇಜ್, ಇಮೇಲ್, ಇಂಥವು. `upi://` ಆ ಪಟ್ಟಿಯಲ್ಲಿಲ್ಲ. ಇಲ್ಲದ್ದು ಬಂದರೆ ತಪ್ಪಿದೆ ಅಂತಲೂ ಹೇಳಲ್ಲ, ಸುಮ್ಮನಿರುತ್ತೆ. ಗಿರಾಕಿಗೆ ಸ್ಟಿಕ್ಕರ್ ಸತ್ತಂತೆಯೇ ಕಾಣುತ್ತೆ.

ನೀವು ಪರೀಕ್ಷೆ ಮಾಡುವಾಗ ಇದು ನೆನಪಿರಲಿ. ಎನ್‌ಎಫ್‌ಸಿ ಆನ್ ಆಗಿದ್ದು ಲಾಕ್ ತೆಗೆದಿರುವ ಆಂಡ್ರಾಯ್ಡ್ ಫೋನಿನಲ್ಲೂ ಶಬ್ದವೇ ಬರದಿದ್ದರೆ ಲೋಹ, ದಪ್ಪ ಕವರ್ ಅಥವಾ ತಾಗಿಸಿದ ಜಾಗ ನೋಡಿ. ಶಬ್ದ ಬಂದೂ ಪುಟ ಬರದಿದ್ದರೆ ಒಳಗಿನ ವಿಳಾಸ ನೋಡಿ.

ಪರಿಹಾರ ಅಂದರೆ `https://` ವಿಳಾಸ ಬರೆಯುವುದು. ತಿಂಗಳಿಗೆ ತೊಂಬತ್ತೊಂಬತ್ತು ರೂಪಾಯಿಗೆ ಅಂಥ ಪುಟ ಮಾಡಿಕೊಡುವ ಒಂದು ಕಂಪನಿಗೆ ಸೇರಿದೆ. ಈಗ ಐಫೋನ್ ತಾಗಿಸಿದರೆ ಮೇಲ್ಗಡೆ ಒಂದು ಸೂಚನೆ ಇಳಿಯುತ್ತೆ, ಅದನ್ನು ಒತ್ತಿದರೆ ಪುಟ. ಆಂಡ್ರಾಯ್ಡ್‌ನಲ್ಲಿ ಬ್ರೌಸರ್ ತೆರೆದು ಅದೇ ಪುಟ. ಪುಟದಲ್ಲಿ ಹೋಟೆಲ್ ಹೆಸರು, ಮೊತ್ತ ಬರೆಯುವ ಜಾಗ, ಕೆಳಗೆ ಗುಂಡಿ. ಗುಂಡಿ ಒತ್ತಿದಾಗಲೇ ಹಳೆಯ `upi://` ಸಾಲು ಕೆಲಸಕ್ಕೆ ಬರುವುದು. ಐಫೋನಿನಲ್ಲಿ ಎರಡು ಮೂರು ಯುಪಿಐ ಆ್ಯಪ್ ಇದ್ದರೆ ಯಾವುದು ತೆರೆಯುತ್ತೆ ಅನ್ನುವುದಕ್ಕೆ ಖಾತ್ರಿ ಇಲ್ಲ. ಅದಕ್ಕೇ ಐಫೋನಿಗೆ ತೋರುವ ಪುಟದಲ್ಲಿ ಪ್ರತಿ ಆ್ಯಪ್‌ಗೂ ಬೇರೆ ಗುಂಡಿ ಇರಬೇಕು. ಕಂಪನಿಯವರು ಇದನ್ನು ಚೆನ್ನಾಗಿಯೇ ಮಾಡಿದ್ದರು. ಪಾರ್ಸೆಲ್ ಕೌಂಟರ್ ನನ್ನ ತಮ್ಮನದು, ಆ ಹಣ ಅವನ ಖಾತೆಗೇ ಹೋಗಬೇಕು. ಅಲ್ಲಿಗೆ ಬೇರೆ ಸ್ಟಿಕ್ಕರ್, ಬೇರೆ ವಿಳಾಸ, ಪುಟದ ತಲೆಯಲ್ಲಿ ದೊಡ್ಡದಾಗಿ "ಪಾರ್ಸೆಲ್". ಲೆಕ್ಕ ಒಂದು ದಿನವೂ ಬೆರೆಯಲಿಲ್ಲ. ಒಂದು ಹೆಜ್ಜೆ ಹೆಚ್ಚಾಯಿತು, ಇಂಟರ್ನೆಟ್ ನಿಧಾನ ಇದ್ದರೆ ಕಾಯಬೇಕು, ಆದರೂ ಎರಡೂ ಬಗೆಯ ಫೋನಿಗೆ ಸರಿಯಾದ ಪುಟ ಬರುತ್ತಿತ್ತು.

ಆಮೇಲೆ ಒಂದು ಬೆಳಗ್ಗೆ ನನ್ನ ಫೋನ್ ತಾಗಿಸಿದರೆ ಯಾವುದೋ ಹಾಡಿನ ವಿಡಿಯೋ ತೆರೆಯಿತು. ಹಿಂದಿನ ಸಂಜೆ ಯಾರೋ ಆ್ಯಪ್ ಹಾಕಿಕೊಂಡು ಸ್ಟಿಕ್ಕರ್ ಒಳಗಿದ್ದದ್ದನ್ನೇ ಅಳಿಸಿ ಬರೆದಿದ್ದರು. ಲಾಕ್ ಮಾಡದ ಸ್ಟಿಕ್ಕರ್ ಮೇಲೆ ಯಾರು ಬೇಕಾದರೂ ಬರೆಯಬಹುದು. ಹಾಡಿನ ಬದಲು ತಮ್ಮ ಖಾತೆಯ ಪುಟವನ್ನೇ ಬರೆದಿದ್ದರೆ? ಸೌಂಡ್ ಬಾಕ್ಸ್ ಮೌನ ಇದೆ ಅಂತ ಗೊತ್ತಾಗುವಷ್ಟರಲ್ಲಿ ಎಷ್ಟು ಇಡ್ಲಿಯ ದುಡ್ಡು ಹೋಗಿರುತ್ತಿತ್ತೋ. ಅವತ್ತೇ ವಿಳಾಸ ಮತ್ತೆ ಬರೆದು ಎರಡನ್ನೂ ಲಾಕ್ ಮಾಡಿದೆ. ಈ ಲಾಕ್ ಶಾಶ್ವತ, ನಾವೇ ಬಯಸಿದರೂ ತೆಗೆಯಲಾಗದು.

ನಾನು ಎಡವಿದ್ದು ಇಲ್ಲೇ. ಕಂಪನಿಯ ಪುಟ ಆಗಾಗ ತೆರೆಯದೆ ಹೋಗತೊಡಗಿತು, ಒಂದು ಭಾನುವಾರವಂತೂ ರಶ್ ಮುಗಿಯುವವರೆಗೂ ಬರಲೇ ಇಲ್ಲ. ಬಿಡೋಣ ಅಂದರೆ ಲಾಕ್ ಆದ ಎರಡೂ ಸ್ಟಿಕ್ಕರ್‌ನಲ್ಲಿ ಅವರ ವಿಳಾಸವೇ ಕೂತಿತ್ತು. ಪುಟದೊಳಗಿನ ಯುಪಿಐ ಐಡಿ ಯಾವಾಗ ಬೇಕಾದರೂ ಬದಲಿಸಬಹುದು, ಸ್ಟಿಕ್ಕರ್‌ನ ವಿಳಾಸ ಬದಲಿಸಲಾಗದು. ಆದ್ದರಿಂದ ಲಾಕ್ ಮಾಡುವ ವಿಳಾಸ ನಮ್ಮ ಸ್ವಂತ ಡೊಮೇನ್‌ನದೇ ಆಗಿರಬೇಕಿತ್ತು. ಕೊನೆಗೆ ವರ್ಷಕ್ಕೆ ದುಡ್ಡು ಕಟ್ಟಿ ಒಂದು ಡೊಮೇನ್ ತಗೊಂಡೆ, ಇಂಜಿನಿಯರಿಂಗ್ ಓದುವ ಅಣ್ಣನ ಮಗಳು ಪುಟ ಮಾಡಿಕೊಟ್ಟಳು. ವಿಳಾಸ ಚಿಕ್ಕದಿರಲಿ ಅಂದಳು: `/k1` ನನ್ನದು, `/k2` ತಮ್ಮನದು. ಸ್ಟಿಕ್ಕರ್ ಒಳಗೆ 144 ಬೈಟ್ ಮಾತ್ರ ಜಾಗ, ನಮ್ಮದು ಅದರ ಅರ್ಧವನ್ನೂ ತುಂಬಲ್ಲ. ಹೊಸ ಎರಡು ಸ್ಟಿಕ್ಕರ್‌ಗೆ ನೂರ ಎಂಬತ್ತು ರೂಪಾಯಿ ಮತ್ತೆ ಹೋಯಿತು. ಅದಾದ ಮೇಲೆ ಐದು ತಿಂಗಳಿಂದ ಒಂದು ದೂರೂ ಇಲ್ಲ.

ನಮ್ಮಲ್ಲಿಗೆ ಬರುವ ಅರ್ಧಕ್ಕಿಂತ ಹೆಚ್ಚು ಜನರ ಫೋನಿನಲ್ಲಿ ಎನ್‌ಎಫ್‌ಸಿಯೇ ಇಲ್ಲ, ಇದ್ದವರಲ್ಲೂ ಕೆಲವರು ಆಫ್ ಮಾಡಿಟ್ಟಿರುತ್ತಾರೆ. ಹಾಗಾಗಿ ಸ್ಕ್ಯಾನರ್ ಹಲಗೆ ತೆಗೆದಿಲ್ಲ, ತೆಗೆಯಬೇಡಿ. ಹೈವೇ ಗಿರಾಕಿ ಹೆಚ್ಚಿರುವ ಅಂಗಡಿಗೆ ಮಾತ್ರ ಹಾಕಿದ ದುಡ್ಡು ವಾಪಸ್ ಬರುತ್ತೆ, ನಮಗೆ ಬಂದಿದೆ.

ಈಗ ದಿನಾ ಬೆಳಗ್ಗೆ ಹಬೆ ಏಳುವ ಮುಂಚೆ ಕೌಂಟರ್ ಒರೆಸಿ, ಎರಡೂ ಸ್ಟಿಕ್ಕರ್‌ಗೆ ನನ್ನ ಫೋನ್ ತಾಗಿಸುತ್ತೇನೆ, ಆಮೇಲೆ ತಮ್ಮನ ಐಫೋನ್. ನನ್ನದರಿಂದ ನಮ್ಮ ಕೌಂಟರ್‌ಗೆ ಒಂದು ರೂಪಾಯಿ, ಅವನದರಿಂದ ಪಾರ್ಸೆಲ್‌ಗೆ ಒಂದು ರೂಪಾಯಿ. ಎರಡೂ ಸೌಂಡ್ ಬಾಕ್ಸ್ ಕೂಗಿದ ಮೇಲೆ ಇಡ್ಲಿ ಪಾತ್ರೆಯ ಒಲೆ ಹಚ್ಚುತ್ತೇವೆ.