ಗೀಸರ್ 45ಕ್ಕಾ, 60ಕ್ಕಾ? ಮೂರೂ ಥರ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 60 ಡಿಗ್ರಿಗೆ. ಜೊತೆಗೆ ಷವರ್ ಪಕ್ಕದಲ್ಲಿ ಒಂದು ಥರ್ಮೋಸ್ಟ್ಯಾಟಿಕ್ ಮಿಕ್ಸಿಂಗ್ ವಾಲ್ವ್, ಅಂದರೆ ಬಿಸಿನೀರಿಗೆ ತಣ್ಣೀರನ್ನು ತಾನೇ ಬೆರೆಸಿ ಒಂದೇ ಹದದಲ್ಲಿ ಕೊಡುವ ವಾಲ್ವ್ ಇರಬೇಕು. ನಮ್ಮದು ಬೆಂಗಳೂರಿನಲ್ಲಿ ಮೇಲಿನ ಮಹಡಿಯ ಮನೆ, 15 ಲೀಟರ್ ಗೀಸರ್. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ನಲ್ಲಿ ಕಂಡರೆ ಬಿಡದ ಪುಟ್ಟ ಮಗಳಿದ್ದಾಳೆ.

ಮೊದಲು ಇದ್ದದ್ದು 45ರಲ್ಲಿ. ಕರೆಂಟ್ ಉಳಿಯುತ್ತೆ, ಕೈ ಸುಡಲ್ಲ ಅಂತ ಪ್ಲಂಬರ್ ಹಾಗೇ ತಿರುಗಿಸಿಟ್ಟಿದ್ದರು. ಎರಡೂ ನಿಜ. ಆದರೆ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯುವುದು 20ರಿಂದ 45 ಡಿಗ್ರಿ ನಡುವಿನ ನೀರಿನಲ್ಲೇ. ಅದಕ್ಕೆ ಬೇಕಾದ ಹದವನ್ನು ನಾವೇ ಕೊಟ್ಟಂತಾಯಿತು. ಈ ನೀರು ಕುಡಿದರೆ ಅಲ್ಲ, ಷವರ್‌ನ ಸಣ್ಣ ಹನಿಗಳು ಉಸಿರಿನ ಜೊತೆ ಒಳಗೆ ಹೋದರೆ ನ್ಯುಮೋನಿಯಾ ಬರಬಹುದು. ಮನೆಗಳಿಗಿಂತ ಆಸ್ಪತ್ರೆ, ಹೋಟೆಲ್‌ಗಳ ಉದ್ದನೆಯ ಪೈಪುಗಳಲ್ಲಿ ಇದರ ಕಾಟ ಜಾಸ್ತಿ. ಹಾಗಂತ ಶ್ವಾಸಕೋಶ ಸರಿಯಿಲ್ಲದ ಹಿರಿಯರಿರುವ ಮನೆಯಲ್ಲಿ ಸುಮ್ನೆ ಬಿಡೋ ವಿಷಯವೂ ಅಲ್ಲ. 50 ದಾಟಿದರೆ ಅದು ಬೆಳೆಯಲ್ಲ, 60ರಲ್ಲಿ ನಿಮಿಷಗಳಲ್ಲೇ ಸಾಯತೊಡಗುತ್ತದೆ.

45ರಲ್ಲಿ ಇನ್ನೊಂದು ತೊಂದರೆ ಇತ್ತು. 25 ಡಿಗ್ರಿ ತಣ್ಣೀರು ಬೆರೆಸಿ 40ಕ್ಕೆ ತಂದರೆ 15 ಲೀಟರ್ ಬಿಸಿನೀರು 20 ಲೀಟರ್ ಆಗುತ್ತದೆ, ಅಷ್ಟೇ. 60ರ ನೀರಾದರೆ ಲೆಕ್ಕದಲ್ಲಿ 35 ಲೀಟರ್. ಎರಡನೆಯವರಿಗೆ ಬಿಸಿನೀರು ಸಿಗದೇ ಇದ್ದದ್ದು ಯಾಕೆ ಅಂತ ಆಮೇಲೆ ಅರ್ಥವಾಯಿತು.

ಎರಡನೆಯದು, ಗೀಸರ್ 60ರಲ್ಲಿಟ್ಟು ಬಕೆಟ್‌ನಲ್ಲಿ ಬೆರೆಸಿಕೊಳ್ಳುವುದು. ಖರ್ಚಿಲ್ಲ, ಷವರ್‌ನಷ್ಟು ತುಂತುರೂ ಇಲ್ಲ. ತಣ್ಣೀರು ಮೊದಲು ಬಿಡಬೇಕು, ಬಿಸಿನೀರು ಆಮೇಲೆ. ಆದರೆ ನಲ್ಲಿಯಲ್ಲಿ ಬರುವುದು 60 ಡಿಗ್ರಿ ನೀರೇ. ದೊಡ್ಡವರ ಚರ್ಮಕ್ಕೂ ಸುಮಾರು 5 ಸೆಕೆಂಡಿನಲ್ಲಿ ಗಂಭೀರ ಸುಟ್ಟಗಾಯ ಆಗುತ್ತದೆ, ಮಕ್ಕಳಿಗೆ ಇನ್ನೂ ಬೇಗ. ಮಗಳು ಸ್ನಾನದ ಮನೆಗೆ ಹೋದಾಗಲೆಲ್ಲ ಬಾಗಿಲಲ್ಲಿ ಕಾವಲು ನಿಲ್ಲೋಕಾಗುತ್ತಾ?

ಇನ್‌ಸ್ಟಂಟ್ ಗೀಸರ್ ಅಡುಗೆಮನೆಗೆ ಚೆನ್ನ. 3 ಕಿಲೋವ್ಯಾಟ್‌ನದು ನೀರನ್ನು 15 ಡಿಗ್ರಿ ಏರಿಸುತ್ತಾ ನಿಮಿಷಕ್ಕೆ 3 ಲೀಟರ್ ಕೂಡ ಕೊಡಲ್ಲ, ಸ್ನಾನಕ್ಕೆ ನನಗೆ ಸಾಲದು.

ಇನ್ನು ಮೂರನೆಯದು, 60ರ ಜೊತೆ ವಾಲ್ವ್. ಒಳಗಿನ ಮೇಣದ ಗುಂಡಿ ಬಿಸಿಗೆ ಹಿಗ್ಗಿ, ಬಿಸಿನೀರಿನ ದಾರಿ ಕಿರಿದು ಮಾಡಿ, ತಣ್ಣೀರಿನದನ್ನು ಅಗಲ ಮಾಡುತ್ತದೆ. ನಮ್ಮದನ್ನು 40ಕ್ಕೆ ಕೂರಿಸಿದ್ದೇವೆ. ಗೋಳು ಹೊಯ್ದುಕೊಂಡದ್ದು ಪ್ರೆಶರ್. ಅಂಗಡಿಯವರು "ಎಲ್ಲಾ ಮನೆಗೂ ಆಗುತ್ತೆ" ಅಂದರು. ಫಿಟ್ ಮಾಡಿದರೆ ಷವರ್‌ನಿಂದ ನೀರು ದಾರದ ಹಾಗೆ ಬಂತು. ಡಬ್ಬಿಯ ಬದಿಯಲ್ಲಿ ಸಣ್ಣಕ್ಷರದಲ್ಲಿ ಕನಿಷ್ಠ 1 ಬಾರ್ ಪ್ರೆಶರ್ ಬೇಕು ಎಂದಿತ್ತು. ಟ್ಯಾಂಕ್ ಮತ್ತು ಷವರ್ ನಡುವೆ ಪ್ರತಿ ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 0.1 ಬಾರ್. ನಮ್ಮ ಟ್ಯಾಂಕ್ ಷವರ್‌ಗಿಂತ ಬರೀ ನಾಲ್ಕು ಮೀಟರ್ ಮೇಲಿದೆ, ಅಂದರೆ 0.4. ಕೆಳಗಿನ ಮಹಡಿಯವರಿಗೆ ಈ ರಗಳೆ ಕಡಿಮೆ. ವಾದ ಮಾಡಿ, ಕಡಿಮೆ ಪ್ರೆಶರ್‌ನಲ್ಲೂ ನಡೆಯುವುದನ್ನು ಬದಲಿಸಿ ತಂದೆವು.

ಅದೂ ಕೆಲವು ತಿಂಗಳಲ್ಲಿ ಬೆಚ್ಚಗಿನ ಬದಲು ತಣ್ಣಗಿನ ನೀರು ಕೊಡತೊಡಗಿತು. ಗೀಸರ್ ನೋಡಿದರೆ ಸರಿಯಿತ್ತು. ಬಿಸಿನೀರು ಒಳಬರುವ ಕಡೆಯ ಜಾಲರಿ ಬಿಚ್ಚಿದಾಗ ಬೋರ್‌ವೆಲ್ ನೀರಿನ ಬಿಳಿ ಸುಣ್ಣದ ಚಕ್ಕೆಗಳು ಸಿಕ್ಕವು. ನೀರು ಬಿಸಿಯಾದಷ್ಟೂ ಗಡಸು ನೀರಿನ ಸುಣ್ಣ ಜಾಸ್ತಿ ಕಟ್ಟುತ್ತದೆ, 60ಕ್ಕೆ ಕೊಡುವ ಬೆಲೆ ಇದು. ವಿನೆಗರ್‌ನಲ್ಲಿ ನೆನೆಸಿ ಹಳೇ ಬ್ರಷ್‌ನಲ್ಲಿ ಉಜ್ಜಿದರೆ ಸಾಕು. ಹಾಗೆ ಬಿಚ್ಚಿದಾಗೆಲ್ಲ ಇನ್ನೊಂದು ಪರೀಕ್ಷೆ ಮಾಡುತ್ತೇನೆ. ಷವರ್ ಓಡುತ್ತಿರುವಾಗ, ಕೆಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ತಣ್ಣೀರಿನ ಕಾಕ್ ಮುಚ್ಚುತ್ತೇನೆ. ಒಂದೆರಡು ಸೆಕೆಂಡಿನಲ್ಲಿ ಬಿಸಿನೀರೂ ನಿಲ್ಲಬೇಕು. ಹರಿಯುತ್ತಲೇ ಇದ್ದರೆ ಆ ವಾಲ್ವ್ ನಂಬುವಂತಿಲ್ಲ.

ಇದನ್ನು ಗೀಸರ್ ಬುಡದಲ್ಲಲ್ಲ, ಷವರ್ ಹತ್ತಿರವೇ ಹಾಕಿಸಿ. ವಾಲ್ವ್ ದಾಟಿದ ಪೈಪಿನಲ್ಲಿ ನಿಲ್ಲುವುದು ಮತ್ತೆ ಉಗುರುಬೆಚ್ಚಗಿನ ನೀರೇ ಅಲ್ವಾ. ಬಿಸಿನೀರು, ತಣ್ಣೀರು ಎರಡೂ ಒಳಬರುವ ಕಡೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್‌ರಿಟರ್ನ್ ವಾಲ್ವ್ ಇರಲಿ, ಇಲ್ಲದಿದ್ದರೆ ಒಂದರ ನೀರು ಇನ್ನೊಂದಕ್ಕೆ ನುಗ್ಗುತ್ತದೆ.

ಗೀಸರ್ ಡಯಲ್‌ನಲ್ಲಿ ಡಿಗ್ರಿ ಬರೆದಿಲ್ಲದಿದ್ದರೆ, ದೀಪ ಆರಿದ ಮೇಲೆ ವಾಲ್ವ್ ಇಲ್ಲದ ನಲ್ಲಿಯಿಂದ ಸ್ವಲ್ಪ ನೀರು ಹರಿಯಬಿಟ್ಟು, ಮಗ್‌ನಲ್ಲಿ ಹಿಡಿದು ಅಡುಗೆ ಥರ್ಮಾಮೀಟರ್ ಅದ್ದಿ. 2 ಕಿಲೋವ್ಯಾಟ್‌ನ ನಮ್ಮ ಗೀಸರ್ 60 ಮುಟ್ಟಲು ಸುಮಾರು 20 ನಿಮಿಷ ತೆಗೆದುಕೊಳ್ಳುತ್ತದೆ. ಹತ್ತು ನಿಮಿಷಕ್ಕೇ ಆಫ್ ಮಾಡುವ ಅಭ್ಯಾಸ ಬಿಟ್ಟು ದೀಪ ಆರುವ ತನಕ ಕಾಯುತ್ತೇವೆ.

ವಾಲ್ವ್‌ಗೆ ನಮಗೆ ಗೀಸರ್‌ನ ಹತ್ತಿರ ಹತ್ತಿರ ಅರ್ಧ ದುಡ್ಡು ಹೋಯಿತು. ಬಾಡಿಗೆ ಮನೆಯಾಗಿದ್ದು ಚಿಕ್ಕ ಮಕ್ಕಳಿಲ್ಲದಿದ್ದರೆ ನಾನೂ 60 ಮತ್ತು ಬಕೆಟ್‌ನಲ್ಲೇ ಇರುತ್ತಿದ್ದೆ.