ಸಿಬ್ಬಂದಿ ಹೋದರೂ ಸೀಟು ಉಳಿಯುತ್ತದೆ

ಬಳಕೆದಾರರ ಸಂಖ್ಯೆಯ ಮೇಲೆ ದರ ಕಟ್ಟುವ ಒಂದು ಸಾಫ್ಟ್‌ವೇರ್‌ಗೆ ನಮ್ಮ ಸಣ್ಣ ಸಂಸ್ಥೆಯಲ್ಲಿ ಎಂಟು ಸೀಟುಗಳ, ಅಂದರೆ ಎಂಟು ಬಳಕೆದಾರರಿಗೆ ಜಾಗವಿರುವ, ವಾರ್ಷಿಕ ಚಂದಾ ಇತ್ತು. ವರ್ಷದ 73 ದಿನ ಕಳೆದ ಮೇಲೆ ನಾಲ್ವರು ತಾತ್ಕಾಲಿಕ ಸಿಬ್ಬಂದಿಯನ್ನು ಸೇರಿಸಿಕೊಂಡು, ನಾನೇ ಅವರಿಗೆ ಆಹ್ವಾನದ ಇಮೇಲ್ ಕಳುಹಿಸಿದೆ. ಹಾಗೆ ಕಳುಹಿಸುವುದೇ ನಾಲ್ಕು ಸೀಟುಗಳ ಖರೀದಿ ಎಂಬುದು ಬಿಲ್ ಬಂದಾಗಲೇ ತಿಳಿದದ್ದು.

ಆ ಬಿಲ್ಲಿನಲ್ಲಿ ಹನ್ನೆರಡು ಸೀಟುಗಳ ಹೆಸರಿನಲ್ಲಿ ದೊಡ್ಡ ಮೊತ್ತವೊಂದಿದ್ದುದರಿಂದ ಹಳೆಯ ಎಂಟಕ್ಕೂ ಮತ್ತೆ ಹಣ ಹಿಡಿದಿದ್ದಾರೆಂದು ಗಾಬರಿಯಾದೆ. ಆದರೆ ಲೆಕ್ಕ ಸರಿಯಾಗಿಯೇ ಇತ್ತು. ಉಳಿದಿದ್ದ 292 ದಿನಗಳು ವರ್ಷದ ಶೇಕಡಾ 80. ಹನ್ನೆರಡು ಸೀಟುಗಳಿಗೆ ಆ ಅವಧಿಯ ದರವೆಂದರೆ 9.6 ಸೀಟುಗಳ ವಾರ್ಷಿಕ ದರ. ಎಂಟು ಸೀಟುಗಳಿಗೆ ಮೊದಲೇ ಕೊಟ್ಟು ಇನ್ನೂ ಬಳಸದ 6.4 ಸೀಟುಗಳ ದರವನ್ನು ಮುಂದಿನ ಸಾಲಿನಲ್ಲಿ ಕಳೆದಿದ್ದರು. ನಿವ್ವಳ 3.2 ಸೀಟುಗಳ ದರ. ಇಲ್ಲಿಯವರೆಗೆ ದೂರುವುದಕ್ಕೇನೂ ಇಲ್ಲ.

ಪೆಟ್ಟು ಬಿದ್ದದ್ದು ಆಮೇಲೆ. 146 ದಿನಗಳು ಉಳಿದಿದ್ದಾಗ ತಾತ್ಕಾಲಿಕ ಸಿಬ್ಬಂದಿಯಲ್ಲಿ ಒಬ್ಬರು ಬಿಟ್ಟು, ಅವರ ಜಾಗಕ್ಕೆ ಇನ್ನೊಬ್ಬರು ಬಂದರು. ಕೆಲಸ ಹಸ್ತಾಂತರವಾಗಲಿ ಎಂದು ಹೊಸಬರನ್ನು ಮೊದಲು ಆಹ್ವಾನಿಸಿ, ಹಳಬರ ಖಾತೆಯನ್ನು ಎರಡು ದಿನ ಬಿಟ್ಟು ನಿಷ್ಕ್ರಿಯಗೊಳಿಸಿದೆ. ಖಾಲಿ ಸೀಟು ಇಲ್ಲದ್ದರಿಂದ ಹದಿಮೂರನೆಯದು ತಾನಾಗಿ ಖರೀದಿಯಾಗಿ, ಒಂದು ಸೀಟಿನ ವಾರ್ಷಿಕ ದರದ ಶೇಕಡಾ 40 ಕಡಿತವಾಯಿತು. ಮೊದಲು ಹಳಬರನ್ನು ತೆಗೆದಿದ್ದರೆ ಅದೇ ಸೀಟು ಹೊಸಬರಿಗೆ ಸಿಗುತ್ತಿತ್ತು.

ಮುಂದೆ ಇನ್ನೂ ಮೂವರು ಹೋದಾಗ ಅವರ ಖಾತೆಗಳನ್ನೂ ಮುಚ್ಚಿದೆ. ಬಳಕೆದಾರರ ಪಟ್ಟಿಯಲ್ಲಿ ಒಂಬತ್ತೇ ಹೆಸರುಗಳು ಕಾಣುತ್ತಿದ್ದುದರಿಂದ ನವೀಕರಣದ ಬಿಲ್ಲೂ ಒಂಬತ್ತಕ್ಕೇ ಬರುತ್ತದೆಂದು ಸುಮ್ಮನಿದ್ದೆ. ಬಂದದ್ದು ಹದಿಮೂರಕ್ಕೆ. ಬಳಕೆದಾರರನ್ನು ತೆಗೆಯುವುದು ಒಂದು ಪುಟದ ಕೆಲಸ, ಖರೀದಿಸಿದ ಸೀಟುಗಳನ್ನು ಇಳಿಸುವುದು ಬಿಲ್ಲಿಂಗ್ ಪುಟದ ಬೇರೆಯದೇ ಕೆಲಸ. ಸೀಟು ಏರಿಸಲು ಒಂದು ಆಹ್ವಾನ ಸಾಕು, ಇಳಿಸಲು ಮಾತ್ರ ನಾವೇ ಹುಡುಕಿಕೊಂಡು ಹೋಗಬೇಕು. ಈ ಅಸಮಾನತೆ ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

ಸಹಾಯ ವಿಭಾಗಕ್ಕೆ ಬರೆದಾಗ, ನವೀಕರಣದ ದಿನಾಂಕಕ್ಕೆ ಮೊದಲೇ ಸಂಖ್ಯೆಯನ್ನು ಇಳಿಸಬೇಕಿತ್ತು, ಅವಧಿಯ ನಡುವೆ ಇಳಿಸಿದ ಸೀಟುಗಳಿಗೆ ಹಣ ಮರಳುವುದಿಲ್ಲ ಎಂದು ಕರಾರಿನ ಷರತ್ತನ್ನು ತೋರಿಸಿದರು. ಎಲ್ಲ ಕಂಪನಿಗಳೂ ಹೀಗೆಯೇ ನಡೆದುಕೊಳ್ಳುವುದಿಲ್ಲ. ಸಕ್ರಿಯ ಬಳಕೆದಾರರನ್ನಷ್ಟೇ ಎಣಿಸುವವರೂ, ಉಳಿದ ಮೊತ್ತವನ್ನು ಮುಂದಿನ ಬಿಲ್ಲಿಗೆ ಜಮಾ ಮಾಡುವವರೂ ಇದ್ದಾರೆ. ನಿಮ್ಮ ಚಂದಾ ಯಾವ ಬಗೆಯದೆಂದು ತಿಳಿಯಲು ಬಿಲ್ಲಿಂಗ್ ಪುಟದಲ್ಲಿ ಖರೀದಿಸಿದ ಸೀಟುಗಳ ಸಂಖ್ಯೆಯನ್ನೂ ಹಂಚಿಕೆಯಾದ ಸೀಟುಗಳ ಸಂಖ್ಯೆಯನ್ನೂ ಹೋಲಿಸಿ. ಒಬ್ಬರನ್ನು ತೆಗೆದ ಮೇಲೆ ಎರಡನೆಯದು ಮಾತ್ರ ಇಳಿದರೆ, ನಿಮ್ಮದೂ ನಮ್ಮಂಥದ್ದೇ ಚಂದಾ. ನಾವೀಗ ನವೀಕರಣಕ್ಕೆ ಒಂದು ತಿಂಗಳು ಮೊದಲೇ ಸಂಖ್ಯೆ ಇಳಿಸಿ, ಮುಂದಿನ ಬಿಲ್ಲಿನ ಮುನ್ನೋಟದಲ್ಲಿ ಒಂಬತ್ತು ಎಂದು ಬಂದಿದೆಯೇ ಎಂದು ನೋಡಿಕೊಳ್ಳುತ್ತೇವೆ. ಈ ವರ್ಷ ಮಾತ್ರ ನಾಲ್ಕು ಸೀಟುಗಳು ಖಾಲಿಯೇ ಇವೆ.